ಆ ಪವರ್ ಬ್ಯಾಂಕ್ ಪೋಸ್ಟ್ ಶೇರ್ ಮಾಡುವ ಮೊದಲು

ನಿನ್ನೆಯಿಂದ ನನ್ನ ಫೀಡ್ ತುಂಬಾ ಒಂದೇ ಫೋಟೋ. ಕರಕಲಾದ ಪವರ್ ಬ್ಯಾಂಕ್, ಅದರ ಕೆಳಗೆ ಸುಟ್ಟ ಬೆಡ್‌ಶೀಟ್. ಮೇಲೆ ದಪ್ಪ ಅಕ್ಷರದಲ್ಲಿ "ಪವರ್ ಬ್ಯಾಂಕ್ ಸ್ಫೋಟ! ಕಂಪನಿಗೆ ಎಲ್ಲಾ ಗೊತ್ತಿದೆ, ಮುಚ್ಚಿಡ್ತಿದ್ದಾರೆ". ಎಲ್ಲದಕ್ಕೂ ಆಧಾರ ಕೇಳೋದು ನನ್ನ ಅಭ್ಯಾಸ ಅಂತ ಗೊತ್ತಿದ್ದೇ ನೀವೆಲ್ಲ ಟ್ಯಾಗ್ ಮಾಡಿದ್ದೀರಿ. ಓದಿದೆ. ಸಿಟ್ಟು ಬಂತು. ಬರೆದವರ ಮೇಲಲ್ಲ, ಅವರು ಬರೆದದ್ದನ್ನು ಓದದೇ ಮುಂದೆ ತಳ್ಳಿದವರ ಮೇಲೆ.

ಮೂಲ ಪೋಸ್ಟ್ ಹುಡುಕಿ ತೆಗೆದೆ. ಅದರಲ್ಲಿ ಇರೋದು ಇಷ್ಟೇ: "ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದೆ. ಬೆಳಗಿನ ಜಾವ ಹೊಗೆ ಬಂತು. ಮೂರು ತಿಂಗಳ ಹಿಂದೆ ಕೊಂಡಿದ್ದು. ಇಂಥ ದರಿದ್ರ ಕಂಪನಿ ಇನ್ನೊಂದಿಲ್ಲ." ಸ್ಫೋಟ ಅನ್ನೋ ಮಾತೇ ಇಲ್ಲ. ಮುಚ್ಚಿಡೋ ಮಾತೂ ಇಲ್ಲ. ಅವೆರಡೂ ಹಂಚಿದವರು ಸೇರಿಸಿದ್ದು. ಪೋಸ್ಟ್ ತಿದ್ದಿದ್ದರೆ ಹಳೆಯ ರೂಪ ಎಡಿಟ್ ಹಿಸ್ಟರಿಯಲ್ಲಿ ಸಿಗುತ್ತೆ, ಪೋಸ್ಟ್ ಕಾಣುವವರು ಅದನ್ನು ತೆರೆದು ನೋಡಬಹುದು. ಇಲ್ಲಿ ತಿದ್ದಿರಲಿಲ್ಲ.

ಈಗ ಆ ಸಾಲುಗಳನ್ನು ಒಂದೊಂದಾಗಿ ನೋಡಿ. ಯಾವಾಗ ಕೊಂಡಿದ್ದು ಅನ್ನೋದನ್ನು ಬಿಲ್ ನೋಡಿ ಹೇಳಬಹುದು. ಪವರ್ ಬ್ಯಾಂಕ್ ಸುಟ್ಟಿದೆ ಅನ್ನೋದು ಫೋಟೋದಲ್ಲಿ ಕಾಣುತ್ತೆ. ಆದರೆ ಯಾಕೆ ಸುಟ್ಟಿತು ಅನ್ನೋದು ಯಾವ ಫೋಟೋದಲ್ಲೂ ಕಾಣೋದಿಲ್ಲ. ಬ್ಯಾಟರಿಯೊಳಗಿನ ದೋಷ ಇರಬಹುದು, ಹಿಂದೆಂದೋ ಬಿದ್ದು ಪೆಟ್ಟಾಗಿರಬಹುದು, ಹೊಂದದ ಚಾರ್ಜರ್ ಇರಬಹುದು. ಹಾಸಿಗೆ ಮೇಲಿಟ್ಟರೆ ಬಿಸಿ ಹೊರಗೆ ಹೋಗೋದೂ ಕಷ್ಟ. ಬಿಚ್ಚಿ ಪರೀಕ್ಷೆ ಮಾಡಿದವರು ಮಾತ್ರ ಹೇಳಬೇಕಾದ ಮಾತು ಅದು. "ದರಿದ್ರ ಕಂಪನಿ" ಅನ್ನೋದು ಅವರ ಅಭಿಪ್ರಾಯ. ಮಲಗಿದ್ದ ಹಾಸಿಗೆ ಸುಟ್ಟವರಿಗೆ ಹಾಗೆ ಬೈಯುವ ಹಕ್ಕು ಪೂರ್ತಿ ಇದೆ. ಆದರೆ ಅದನ್ನು ಸಾಕ್ಷಿ ಅಂತ ಎಣಿಸೋಕೆ ಆಗಲ್ಲ.

ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿದೆ. ಇದಕ್ಕಿಂತ ಹಳೆಯದು ಸಿಗಲಿಲ್ಲ. ಅಷ್ಟಕ್ಕೇ ಇದು ಅವರದೇ ಫೋಟೋ ಅಂತ ಸಾಬೀತಾಗಲ್ಲ. ಬೇರೆ ಘಟನೆಯಿಂದ ಎತ್ತಿದ್ದು ಅನ್ನೋದಕ್ಕೆ ಸುಳಿವು ಸಿಗಲಿಲ್ಲ, ಅಷ್ಟೇ.

ನನ್ನನ್ನು ಜಾಸ್ತಿ ಕೆಣಕಿದ್ದು ಕೆಳಗಿನ ಕಾಮೆಂಟುಗಳು. "ನನಗೂ ಹೀಗೇ ಆಗಿದೆ" ಅಂತ ಸಾಲು ಸಾಲು. ನಿಧಾನಕ್ಕೆ ಓದಿದರೆ ಒಬ್ಬರದು ಚಾರ್ಜ್ ನಿಲ್ಲದ ದೂರು. ಇನ್ನೊಬ್ಬರದು ಅದೇ ಕಂಪನಿಯ ಇಯರ್‌ಫೋನ್. ಮತ್ತೊಬ್ಬರು ಗೆಳೆಯನ ತಮ್ಮನಿಗೆ ಆದದ್ದನ್ನು ಬರೆದಿದ್ದಾರೆ, ಅದೂ ಯಾರೋ ಹೇಳಿದ್ದು. ಅದೇ ಪವರ್ ಬ್ಯಾಂಕ್, ತನ್ನದೇ ಅನುಭವ, ಬಿಸಿಯಾಗಿ ಉಬ್ಬಿದ್ದು ಅಂತ ಫೋಟೋ ಸಮೇತ ಬರೆದವರು ಒಬ್ಬರೇ. ಆ ಒಂದು ಕಾಮೆಂಟ್ ನಿಜಕ್ಕೂ ಮುಖ್ಯ. ಅದಕ್ಕೆ ಬಿದ್ದಿರೋ ಲೈಕ್ ಎಲ್ಲಕ್ಕಿಂತ ಕಡಿಮೆ.

"ಕಂಪನಿಯೇ ಒಪ್ಪಿಕೊಂಡಿದೆ" ಅಂತ ಓಡಾಡ್ತಿರೋ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿ. "ನಿಮಗಾದ ತೊಂದರೆಗೆ ವಿಷಾದವಿದೆ, ದೂರು ದಾಖಲಾಗಿದೆ" ಅಂತಿದೆ. ಒಪ್ಪಿಗೆ ಎಲ್ಲಿದೆ ಇದರಲ್ಲಿ? ದೂರು ಕೊಟ್ಟ ಯಾರಿಗಾದರೂ ಬರುವ ಉತ್ತರ ಇದು. ಮೇಲಿನ ತುದಿ ಕತ್ತರಿಸಿರೋದರಿಂದ ದಿನಾಂಕವೂ ಇಲ್ಲ, ಯಾವ ದೂರಿಗೆ ಬಂದದ್ದು ಅಂತಲೂ ಗೊತ್ತಾಗಲ್ಲ.

"ನೊಂದವರ ಹತ್ತಿರ ಸಾಕ್ಷಿ ಕೇಳ್ತೀಯಲ್ಲ, ಕಂಪನಿ ಪರವಾ?" ಅಂತ ಒಬ್ಬ ಗೆಳತಿ ಕೇಳಿದಳು. ಖಂಡಿತ ಅಲ್ಲ. 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ನೆನಪಿದೆ ಅಲ್ವಾ? ಅಲ್ಲಿ ದೂರು ನಿಜವೇ ಆಗಿತ್ತು. ಆ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಸುಮಾರು 10 ಲಕ್ಷ ಫೋನ್ ವಾಪಸ್ ಕರೆಯುವ ಪ್ರಕಟಣೆ ಹೊರಡಿಸಿತು. ಬ್ಯಾಟರಿ ಅತಿಯಾಗಿ ಬಿಸಿಯಾದ ವರದಿ 92, ಅದರಲ್ಲಿ ಸುಟ್ಟ ಗಾಯದ್ದು 26, ಆಸ್ತಿ ಹಾನಿಯದ್ದು 55 ಅಂತ ಬಿಡಿಸಿ ಹೇಳಿತ್ತು. ಗ್ರಾಹಕರು ತಮ್ಮ ಫೋನಿನ ಐಎಂಇಐ ಸಂಖ್ಯೆ ಹಾಕಿ ತಮ್ಮದೂ ಸೇರಿದೆಯಾ ಅಂತ ನೋಡಬಹುದಿತ್ತು. ಬದಲಿಗೆ ಕೊಟ್ಟ ಫೋನುಗಳೂ ಬಿಸಿಯಾದಾಗ ಅಕ್ಟೋಬರ್‌ನಲ್ಲಿ ಅವನ್ನೂ ಸೇರಿಸಿದರು. ಹೀಗೆ ಬಿಡಿಬಿಡಿಯಾಗಿ ಎಣಿಸೋಕೆ ಆಗೋದು ಪ್ರತಿ ದೂರಿನ ಜೊತೆ ಮಾಡೆಲ್, ದಿನಾಂಕ, ಆದದ್ದೇನು ಅನ್ನೋದು ಸ್ಪಷ್ಟ ಇದ್ದಾಗ. ಗೆಳೆಯನ ತಮ್ಮನ ಕಥೆಯನ್ನು ಯಾವ ಲೆಕ್ಕಕ್ಕೆ ಸೇರಿಸೋದು? ಗಾಳಿಮಾತು ಬೆರೆತಷ್ಟೂ "ಇದೆಲ್ಲ ವದಂತಿ" ಅಂತ ಕಂಪನಿ ಕೈ ತೊಳೆದುಕೊಳ್ಳೋದು ಸುಲಭ. ನಿಜವಾಗಿ ಸುಟ್ಟವರ ಮಾತೂ ಅದರ ಜೊತೆಗೇ ಹೋಗುತ್ತೆ.

ಈ ಪವರ್ ಬ್ಯಾಂಕ್ ಬೇರೆ ದೇಶದಲ್ಲಿ ವಾಪಸ್ ಕರೆದಿದ್ದಾರೆ ಅಂತಲೂ ಒಬ್ಬರು ಬರೆದಿದ್ದಾರೆ. ಇದು ಪರಿಶೀಲಿಸಬಹುದಾದ ಮಾತು. ಪ್ರಕಟಣೆ ತೆರೆದರೆ ಅಲ್ಲಿರೋ ಮಾಡೆಲ್ ಸಂಖ್ಯೆಯೇ ಬೇರೆ. ಫೋಟೋದಲ್ಲಿರೋ ಪವರ್ ಬ್ಯಾಂಕಿನ ತಳದ ಅಕ್ಷರದಲ್ಲಿ ಅರ್ಧ ಕರಗಿದೆ, ಮೊದಲ ಮೂರು ಮಾತ್ರ ಓದೋಕೆ ಬರುತ್ತೆ. ಅವೂ ಹೊಂದಲ್ಲ. ಹಾಗಂತ ಇದು ಸುರಕ್ಷಿತ ಅಂತ ಆಗಲಿಲ್ಲ, ಆ ಪ್ರಕಟಣೆ ಇದಕ್ಕೆ ಸಂಬಂಧಪಟ್ಟಿದ್ದಲ್ಲ ಅಷ್ಟೇ.

ಬರೆದವರಿಗೆ ಮೆಸೇಜ್ ಮಾಡಿದ್ದೇನೆ. ಬಿಲ್, ಡಬ್ಬದ ಮೇಲಿನ ಮಾಡೆಲ್ ಮತ್ತು ಬ್ಯಾಚ್ ಸಂಖ್ಯೆ, ಬಳಸಿದ ಚಾರ್ಜರ್ ಯಾವುದು, ಇಷ್ಟು ಕೇಳಿದ್ದೇನೆ. ಸುಟ್ಟ ಪವರ್ ಬ್ಯಾಂಕನ್ನು ಚಾರ್ಜ್ ಮಾಡೋದಾಗಲಿ, ಬಿಚ್ಚೋದಾಗಲಿ, ಪರೀಕ್ಷೆ ಇಲ್ಲದೆ ಕಂಪನಿಗೆ ಒಪ್ಪಿಸೋದಾಗಲಿ ಬೇಡ ಅಂದಿದ್ದೇನೆ. ಉಬ್ಬಿದ ಫೋಟೋ ಹಾಕಿದವರಿಗೂ ಇದನ್ನೇ ಕೇಳಿದ್ದೇನೆ. ಇಬ್ಬರದೂ ಒಂದೇ ಬ್ಯಾಚ್ ಅಂತ ಬಂದರೆ ಆಗ ಮೊದಲು ಶೇರ್ ಮಾಡೋದು ನಾನೇ.