ಹಳೇ ಗಿರಾಕಿಗೆ ಹಬ್ಬದ ಮೆಸೇಜ್ ಹಾಕೋದು ಹೀಗಲ್ಲ

ನಿನ್ನೆ ಮಧ್ಯಾಹ್ನದಿಂದ ತಲೆಯಲ್ಲಿ ಕೊರೀತಾ ಇದೆ, ಬರೆದೇ ಬಿಡ್ತೀನಿ.

ತುಮಕೂರಿನ ನಮ್ಮ ಸೀರೆ ಅಂಗಡಿಗೆ ಒಬ್ಬರು ಟೀಚರ್ ಬಂದಿದ್ರು. ಅಪ್ಪ ಗಲ್ಲಾದಲ್ಲಿ ಕೂರ್ತಿದ್ದ ಕಾಲದಿಂದಲೂ ನಮ್ಮಲ್ಲೇ ಸೀರೆ ತಗೊಳ್ಳೋರು. ಎರಡು ಸೀರೆ ಬಿಡಿಸಿ ಹಾಕಿದ್ದೆ, ಅಷ್ಟರಲ್ಲಿ ಅವರ ಫೋನು ಟಿಣ್ ಅಂತು. ಮತ್ತೆ ಟಿಣ್. ಮತ್ತೆ. ಅವರು ಯಾವಾಗಲೂ ಪಾತ್ರೆ ತಗೊಳ್ಳೋ ಒಂದು ಅಂಗಡಿಯಿಂದ ವರಮಹಾಲಕ್ಷ್ಮಿ ಆಫರ್. ಲಕ್ಷ್ಮಿ ಫೋಟೋ ಹಾಕಿದ ಪೋಸ್ಟರು, ಒಂದು ವಿಡಿಯೊ, ಕೊನೆಗೆ "ಆತ್ಮೀಯ ಗ್ರಾಹಕರೇ, ಇಂದೇ ಕೊನೆಯ ದಿನ". ಟೀಚರ್ ಕನ್ನಡಕ ಮೇಲೆತ್ತಿ, "ಮೊನ್ನೇನೂ ಇಂದೇ ಕೊನೆ ದಿನ ಅಂದಿದ್ರು ಕಣಮ್ಮ" ಅಂದು, ನನ್ನೆದುರಿಗೇ ಆ ನಂಬರ್ ಬ್ಲಾಕ್ ಮಾಡಿದ್ರು. ಹದಿನೈದು ವರ್ಷದ ಗಿರಾಕಿಯಂತೆ. ಹತ್ತು ಸೆಕೆಂಡು ಹಿಡೀಲಿಲ್ಲ.

ನನಗೆ ಸಿಟ್ಟು ಬಂದಿದ್ದು ಆ ಅಂಗಡಿಯವರು ಮೆಸೇಜ್ ಹಾಕಿದ್ದಕ್ಕಲ್ಲ. ಹದಿನೈದು ವರ್ಷದಿಂದ ಬರೋ ಹೆಂಗಸಿಗೂ ದಾರೀಲಿ ಹೋಗೋರಿಗೂ ಒಂದೇ ಮಾತು ಹೇಳಿದ್ರಲ್ಲ, ಅದಕ್ಕೆ. ನಮಗೆ ಅವರ ಮುಖ ಗೊತ್ತು, ಏನು ತಗೊಂಡಿದ್ರು ಅಂತ ಬಿಲ್ ಬುಕ್ಕಲ್ಲಿದೆ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಬರೆದ್ರೆ ಅದೇ ಸ್ಪ್ಯಾಮ್. ಎಷ್ಟು ಮೆಸೇಜ್ ಅನ್ನೋದು ಆಮೇಲಿನ ಮಾತು.

ಇದನ್ನ ನಾನು ಕೆಟ್ಟ ರೀತೀಲಿ ಕಲಿತೆ. ಎರಡು ವರ್ಷದ ಹಿಂದೆ ಬಿಲ್ ಬುಕ್ಕಲ್ಲಿದ್ದ ನಂಬರನ್ನೆಲ್ಲ ಫೋನಿಗೆ ಹತ್ತಿಸಿ, "ಮುತ್ತೈದೆಯರಿಗೆ ಹಬ್ಬದ ವಿಶೇಷ ರಿಯಾಯಿತಿ" ಅಂತ ಎಲ್ಲರಿಗೂ ಕಳಿಸಿದೆ. ಅದರಲ್ಲಿ ಒಬ್ಬರ ಯಜಮಾನರು ಆ ಬೇಸಿಗೇಲಿ ತೀರಿಕೊಂಡಿದ್ರು. ನಾನೇ ಅವರ ಮನೆಗೆ ಹೋಗಿ ಮಾತಾಡಿಸಿ ಬಂದಿದ್ದೆ. ದೀಪಾವಳಿ ಕಳೆದ ಮೇಲೆ ಬಂದ್ರು, ಬೈಲಿಲ್ಲ, "ನಿನಗೆ ಗೊತ್ತಿತ್ತಲ್ಲಮ್ಮ" ಅಂದ್ರು ಅಷ್ಟೇ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಆವತ್ತಿಂದ ಕಳಿಸೋಕೆ ಮುಂಚೆ ಪಟ್ಟಿ ಇಟ್ಟುಕೊಂಡು ಒಂದೊಂದೇ ಹೆಸರು ಓದ್ತೀನಿ. ಆ ವರ್ಷ ಸಾವಾಗಿ ಹಬ್ಬ ಇಲ್ಲದ ಮನೆಗಳನ್ನ ಮೊದಲು ತೆಗೀತೀನಿ. ಹೋದ ತಿಂಗಳು ತಾನೇ ಮದುವೆಗೆ ಜವಳಿ ತಗೊಂಡು ಹೋದೋರನ್ನೂ ಬಿಡ್ತೀನಿ, ಅವರ ಕೈಯಲ್ಲಿ ದುಡ್ಡಿರಲ್ಲ, ಸೀರೆನೂ ಬೇಕಿರಲ್ಲ. ಉಳಿದವರನ್ನ ವಾಟ್ಸಾಪ್ ಬಿಸಿನೆಸ್ಸಲ್ಲಿ ಲೇಬಲ್ ಹಾಕಿ ಎರಡು ಭಾಗ ಮಾಡ್ತೀನಿ: ರೇಷ್ಮೆ ತಗೊಳ್ಳೋರು, ಕಾಟನ್ ತಗೊಳ್ಳೋರು. ಬ್ರಾಡ್‌ಕಾಸ್ಟ್ ಲಿಸ್ಟಲ್ಲಿ ಎಲ್ಲರಿಗೂ ಒಂದೇ ಒಕ್ಕಣೆ ಹೋಗುತ್ತೆ, ಒಬ್ಬೊಬ್ಬರ ಹೆಸರು ಹಿಡಿದು ಬರೆಯೋಕಾಗಲ್ಲ. ಆದ್ರೆ ಅವರು ತಗೊಂಡಿದ್ದನ್ನ ನೆನಪಿಸೋಕಾಗುತ್ತೆ, ಹೆಸರಿಗಿಂತ ಅದೇ ಜಾಸ್ತಿ ಮುಟ್ಟೋದು.

ಹೋದ ವರ್ಷ ರೇಷ್ಮೆಯವರಿಗೆ ಹಾಕಿದ್ದು ಇದು:

"ಚಿಕ್ಕಪೇಟೆ ಸೀರೆ ಅಂಗಡಿಯಿಂದ. ಹೋದ ಸಲ ಹಬ್ಬಕ್ಕೆ ನಮ್ಮಲ್ಲಿ ರೇಷ್ಮೆ ಸೀರೆ ತಗೊಂಡಿದ್ರಿ. ಈ ಸಲ ಬರೋ ಶನಿವಾರದೊಳಗೆ ತಗೊಂಡ್ರೆ ಫಾಲ್, ಜಿಗ್‌ಜಾಗ್‌ಗೆ ದುಡ್ಡಿಲ್ಲ. ಕುಚ್ಚು ಕಟ್ಟೋಕೆ ನಾಲ್ಕು ದಿನ ಬೇಕು, ಅದಕ್ಕೇ ಶನಿವಾರ ಅಂದಿದ್ದು. ಯಾವ ಬಣ್ಣ ಅಂತ ಹೇಳಿದ್ರೆ ಫೋಟೋ ಕಳಿಸ್ತೀನಿ. ಇಂಥ ಮೆಸೇಜ್ ಬೇಡ ಅಂದ್ರೆ 'ಬೇಡ' ಅಂತ ಹಾಕಿ, ಇನ್ನು ಕಳಿಸಲ್ಲ."

ಇಷ್ಟೇ. ಪೋಸ್ಟರ್ ಇಲ್ಲ, ದೇವರ ಫೋಟೋ ಇಲ್ಲ. (ಲಕ್ಷ್ಮಿ ಫೋಟೋ ಡಿಲೀಟ್ ಮಾಡೋಕೆ ಎಷ್ಟೋ ಜನಕ್ಕೆ ಮನಸ್ಸು ಬರಲ್ಲ. ಅವರನ್ನ ಆ ಇಕ್ಕಟ್ಟಿಗೆ ಯಾಕೆ ಸಿಕ್ಕಿಸಬೇಕು?) ಮೊದಲ ಸಾಲಿನಲ್ಲೇ ಅಂಗಡಿ ಯಾವುದು ಅಂತ ಇರಬೇಕು, ಯಾಕಂದ್ರೆ ಮೆಸೇಜ್ ತೆಗೆಯೋಕೆ ಮುಂಚೆ ಫೋನಿನ ಮೇಲೆ ಕಾಣೋದು ಅದೊಂದೇ. ಅಲ್ಲಿ "ಆತ್ಮೀಯ ಗ್ರಾಹಕರೇ" ಅಂತಿದ್ರೆ ಯಾರು ಅಂತಾನೇ ಗೊತ್ತಾಗಲ್ಲ.

ಎಲ್ಲಕ್ಕಿಂತ ಮುಖ್ಯ ಆ ಶನಿವಾರ. ವರಮಹಾಲಕ್ಷ್ಮಿ ಬರೋದು ಶುಕ್ರವಾರ. ಕುಚ್ಚು ಕಟ್ಟೋ ಅಕ್ಕನಿಗೆ ನಾಲ್ಕು ದಿನ ಬೇಕು, ಬ್ಲೌಸ್ ಹೊಲಿಯೋರು ಕೊನೇ ವಾರ ಬಟ್ಟೆನೇ ಮುಟ್ಟಲ್ಲ. ಇದು ಹೆಂಗಸರಿಗೆಲ್ಲ ಗೊತ್ತಿರೋ ಸತ್ಯ, ಅದಕ್ಕೇ ಆ ಗಡುವನ್ನ ನಂಬ್ತಾರೆ. ಸುಮ್ಮನೆ ಹುಟ್ಟಿಸಿದ "ಕೊನೆಯ ದಿನ" ಒಂದು ಸಲ ಸುಳ್ಳಾದ್ರೆ ಮುಂದೆ ನಾವು ಬರೆದ ಯಾವ ತಾರೀಖಿಗೂ ಬೆಲೆ ಇಲ್ಲ. ಕಳಿಸೋಕೆ ಶುರು ಮಾಡೋದೂ ಹಬ್ಬಕ್ಕೆ ಹನ್ನೊಂದು ದಿನ ಮುಂಚೆ, ಸೋಮವಾರ ಬೆಳಿಗ್ಗೆ ಹನ್ನೊಂದರ ಮೇಲೆ. ಆ ಹೊತ್ತಿಗೆ ಮನೆಕೆಲಸ ಒಂದು ಹಂತಕ್ಕೆ ಬಂದಿರುತ್ತೆ.

ಪಕ್ಕದ ಅಂಗಡಿ ಅಣ್ಣ ಹೇಳ್ತಾರೆ, "ಸಾವಿರ ಜನಕ್ಕೆ ಹಾಕು, ಹತ್ತು ಜನ ಬಂದ್ರೂ ಲಾಭ, ಮೆಸೇಜಿಗೇನು ಕಾಸಾ?" ಹತ್ತು ಜನ ಬರೋದು ಕಣ್ಣಿಗೆ ಕಾಣುತ್ತೆ ಅಣ್ಣ, ಬ್ಲಾಕ್ ಮಾಡಿದ ಐವತ್ತು ಜನ ಕಾಣಲ್ಲ. ಬ್ಲಾಕ್ ಮಾಡಿದಾರೆ ಅಂತ ವಾಟ್ಸಾಪ್ ನಮಗೆ ಹೇಳಲ್ಲ. ಒಂದೇ ಟಿಕ್ ಬಂದು ನಿಂತಿರುತ್ತೆ, ಅಷ್ಟೇ. ದೀಪಾವಳಿಗೆ ಬೇಕು ಅಂದಾಗ ಅವರಿಗೆ ನಮ್ಮ ದನಿ ಮುಟ್ಟೋದೇ ಇಲ್ಲ. ಜಾಸ್ತಿ ಜನ ಬ್ಲಾಕ್, ರಿಪೋರ್ಟ್ ಮಾಡಿದ್ರೆ ವಾಟ್ಸಾಪಿನವರು ನಂಬರನ್ನೇ ನಿಲ್ಲಿಸಬಹುದು. ಅಪ್ಪನ ಕಾಲದಿಂದ ಬೋರ್ಡಲ್ಲಿರೋ ನಂಬರ್ ಅದು. ಹೋದ್ರೆ ಎಲ್ಲಿಂದ ತರಲಿ?

ಅದೂ ಅಲ್ಲದೆ ಒಂದೇ ಸಲಕ್ಕೆ ಸಾವಿರ ಜನಕ್ಕೆ ಹೋಗೋದೂ ಇಲ್ಲ. ಒಂದು ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನ. ಅವರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡಿರೋರಿಗೆ ಮಾತ್ರ ಮುಟ್ಟುತ್ತೆ. ಇದನ್ನ ಎಲ್ಲರೂ ತೊಂದರೆ ಅಂತಾರೆ, ನನಗೆ ಇದು ಬೇಕಾದ ಬೇಲಿ. ಬಿಲ್ ಹಾಕೋವಾಗಲೇ ಕೇಳ್ತೀನಿ, "ಹಬ್ಬಕ್ಕೆ ಹೊಸ ಸೀರೆ ಬಂದ್ರೆ ವಾಟ್ಸಾಪ್ ಹಾಕ್ಲಾ?" ಹೂಂ ಅಂದ್ರೆ ಅಲ್ಲೇ ನಂಬರ್ ಸೇವ್ ಮಾಡಿಕೊಳ್ಳಿ ಅಂತೀನಿ, ಬಿಲ್ಲಿನ ಮೂಲೇಲಿ ಒಂದು ಗುರುತು ಹಾಕ್ತೀನಿ. ಬೇಡ ಅಂದ್ರೆ ಬೇಡ. ಕಳಿಸಿದ ಮೇಲೆ ಆ ಮೆಸೇಜ್ ಒತ್ತಿ ಹಿಡಿದು ಇನ್ಫೊ ನೋಡಿದ್ರೆ ಯಾರಿಗೆ ಮುಟ್ಟಿದೆ ಅಂತ ಬರುತ್ತೆ. ಒಂದು ವಾರ ಆದ್ರೂ ಮುಟ್ಟದೇ ಇರೋರಿಗೆ ನಾನು ಬೇರೆ ನಂಬರಿಂದ ಬೆನ್ನು ಹತ್ತಲ್ಲ.

ಒಂದೇ ಸಲ ಎಲ್ಲರಿಗೂ ಕಳಿಸೋದನ್ನೂ ಬಿಟ್ಟೆ. ದಿನಕ್ಕೆ ನಲವತ್ತು ಜನ, ಅದಕ್ಕಿಂತ ಜಾಸ್ತಿ ಇಲ್ಲ. ಯಾಕಂದ್ರೆ ಉತ್ತರ ಬರುತ್ತೆ. "ಎಲೆ ಹಸಿರಿಗೆ ಕೆಂಪು ಅಂಚು ಇದ್ಯಾ?" ಅಂತ ಕೇಳಿದವರಿಗೆ ಸಂಜೆಯೊಳಗೆ ಸೀರೆಯನ್ನ ಬಾಗಿಲ ಬೆಳಕಿಗೆ ಹಿಡಿದು ಫೋಟೋ ತೆಗೆದು ಕಳಿಸಬೇಕು. ಕರೆದವಳೇ ಓಗೊಡದೇ ಹೋದ್ರೆ ಅದಕ್ಕಿಂತ ಅವಮಾನ ಇನ್ನೇನಿದೆ?

"ಬೇಡ" ಅಂತಾನೂ ಬರುತ್ತೆ. ಹೋದ ವರ್ಷ ಏಳು ಜನ ಹಾಕಿದ್ರು. ಏಳು ಹೆಸರನ್ನೂ ಅವತ್ತೇ ತೆಗೆದು, "ಆಯ್ತು, ತೆಗೆದಿದೀನಿ" ಅಂತ ಬರೆದೆ. ಅವರಲ್ಲೊಬ್ಬರು ತಿರುಗಿ ಬರೆದ್ರು: "ಬೇಜಾರಲ್ಲ ಕಣಮ್ಮ, ಮಗ ಬೆಂಗಳೂರಿಗೆ ಕರ್ಕೊಂಡು ಬಂದಿದಾನೆ. ಸಿದ್ಧಗಂಗೆ ಜಾತ್ರೆಗೆ ಬಂದಾಗ ಅಂಗಡಿಗೆ ಬರ್ತೀನಿ." ಬಂದ್ರು. ಸೊಸೆನೂ ಕರ್ಕೊಂಡು.