ಸುಳ್ಳು ನೋವಿಗೆ ಆಸ್ಪತ್ರೆಗೆ ಓಡಿದರೆ ನಗೋದು ಯಾಕೆ?

ಮೊದಲ ಹೆರಿಗೆಯ ಗಂಡ ಹೆಂಡತಿ ಮಧ್ಯರಾತ್ರಿ ಆಸ್ಪತ್ರೆಗೆ ಓಡಿ, ಬೆಳಗಾಗೋದರೊಳಗೆ ಅದೇ ಬ್ಯಾಗ್ ಹಿಡಿದುಕೊಂಡು ವಾಪಸ್ ಬಂದರೆ ನಮ್ಮಲ್ಲಿ ನಗುವವರೇ ಜಾಸ್ತಿ. ನನಗೆ ಆ ನಗು ಹಿಡಿಸೋದಿಲ್ಲ. ನನ್ನ ತಮ್ಮ ಗಿರೀಶ, ಅವನ ಹೆಂಡತಿ ಸುಮಾ ಹಾಗೆ ಹೋಗಿ ಬಂದರು. ಅವರಿಬ್ಬರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಸುಮಾಗೆ 38 ವಾರ ತುಂಬಿತ್ತು. ರಾತ್ರಿ ಹನ್ನೆರಡರ ಹೊತ್ತಿಗೆ ಹೊಟ್ಟೆ ಕಲ್ಲಿನ ಹಾಗೆ ಬಿಗಿದುಕೊಳ್ಳೋಕೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಸಡಿಲವಾಗೋದು, ಮತ್ತೆ ಬಿಗಿಯೋದು. ಗಿರೀಶ ಕರೆಂಟ್ ಬಿಲ್ಲಿನ ಹಿಂದೆ ಟೈಮ್ ಬರೆದುಕೊಂಡ: 12:10, 12:22, 12:29. ಕೊನೆಯ ಎರಡರ ನಡುವೆ ಏಳೇ ನಿಮಿಷ ಅನ್ನೋದು ಕಂಡಿದ್ದೇ ತಡ, ಕೆಳಗೆ ಬಂದು ನಮ್ಮ ಬಾಗಿಲು ಬಡಿದ. "ಅಕ್ಕಾ, ಶುರುವಾಯ್ತು ಕಣೆ, ಬೇಗ ಬಾ."

ಬನಶಂಕರಿಯಿಂದ ಜಯನಗರಕ್ಕೆ ಹಗಲಲ್ಲಿ ಎಷ್ಟು ಹೊತ್ತು ಬೇಕು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಆ ರಾತ್ರಿ ಕತ್ರಿಗುಪ್ಪೆ ಸಿಗ್ನಲ್ ಕೂಡ ಖಾಲಿ. ಆದರೂ ಪ್ರತಿ ಹಂಪ್‌ನಲ್ಲೂ ಸುಮಾ "ರೀ, ನಿಧಾನ" ಅನ್ನೋದು, ಇವನು ಬ್ರೇಕ್ ಒತ್ತೋದು, ಆಮೇಲೆ ಮತ್ತೆ ಓಡಿಸೋದು. ಹಿಂದಿನ ಸೀಟಿನಲ್ಲಿ ಅವಳ ಕೈ ಹಿಡಿದು ಕೂತಿದ್ದ ನಾನು 12:47ಕ್ಕೆ ಇನ್ನೊಂದು ಬಿಗಿತ ಬಂದಿದ್ದನ್ನು ಅದೇ ಚೀಟಿಯಲ್ಲಿ ಬರೆದೆ.

ಲೇಬರ್ ವಾರ್ಡಿನಲ್ಲಿ ವಯಸ್ಸಾದ ಒಬ್ಬ ಸಿಸ್ಟರ್ ಇದ್ದರು. ಗಾಬರಿ ಬಿದ್ದ ಗಂಡಂದಿರನ್ನು ದಿನಾ ನೋಡಿರುವ ಮುಖ. ಸುಮಾಳನ್ನು ಎಡ ಮಗ್ಗುಲಿಗೆ ಮಲಗಿಸಿ ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿದರು. ಒಂದು ಮಗುವಿನ ಎದೆಬಡಿತಕ್ಕೆ, ಇನ್ನೊಂದು ಗರ್ಭಕೋಶ ಬಿಗಿಯೋದನ್ನು ಹಿಡಿಯೋಕೆ. ಎನ್‌ಎಸ್‌ಟಿ ಅಂತಾರೆ. ಮಗು ಅಲ್ಲಾಡಿದಾಗ ಒತ್ತು ಅಂತ ಅವಳ ಕೈಗೊಂದು ಬಟನ್ ಕೊಟ್ಟರು. ಇಪ್ಪತ್ತು ನಿಮಿಷ ಕಾಗದದ ಮೇಲೆ ಗೆರೆ ಓಡಿತು. ಎದೆಬಡಿತ 140ರ ಆಸುಪಾಸು. 110ರಿಂದ 160ರವರೆಗೆ ಸರಿಯಂತೆ. ಕೆಳಗಿನ ಗೆರೆಯಲ್ಲಿ ಎರಡು ಸಣ್ಣ ದಿಬ್ಬ, ಅಷ್ಟೇ. ಡ್ಯೂಟಿ ಡಾಕ್ಟರ್ ಬಂದು ಒಳಗೆ ಕೈಹಾಕಿ ಪರೀಕ್ಷೆ ಮಾಡಿ, ಗರ್ಭಕೋಶದ ಬಾಯಿ ಇನ್ನೂ ತೆರೆದೇ ಇಲ್ಲ ಅಂದರು.

ಸಿಸ್ಟರ್ ಚೀಟಿ ಇಸ್ಕೊಂಡು ನೋಡಿದರು. "ಹನ್ನೆರಡು ನಿಮಿಷ, ಏಳು, ಆಮೇಲೆ ಹದಿನೆಂಟು. ಇದು ಹತ್ತಿರ ಬರ್ತಾ ಇದೆಯಾ, ದೂರ ಹೋಗ್ತಾ ಇದೆಯಾ, ನೀವೇ ಹೇಳಿ" ಅಂದರು. ಗಿರೀಶ ತಲೆ ಕೆರೆದುಕೊಂಡ. ಒಂದೊಂದು ಬಿಗಿತ ಎಷ್ಟು ಹೊತ್ತು ಇತ್ತು ಅನ್ನೋದನ್ನು ಅವನು ಬರೆದೇ ಇರಲಿಲ್ಲ. ಲೆಕ್ಕ ಹಾಕಬೇಕಾದದ್ದು ಒಂದು ನೋವು ಶುರುವಾದಾಗಿನಿಂದ ಮುಂದಿನದು ಶುರುವಾಗುವವರೆಗೆ. ನಿಜವಾದ ಹೆರಿಗೆ ನೋವಾದರೆ ಆ ಅಂತರ ಕಡಿಮೆಯಾಗುತ್ತಾ ಹೋಗುತ್ತದೆ, ನೋವು ಜೋರಾಗುತ್ತದೆ, ಎದ್ದು ಓಡಾಡಿದರೂ ನಿಲ್ಲೋದಿಲ್ಲ. ಐದು ನಿಮಿಷಕ್ಕೊಮ್ಮೆ ಬಂದು, ಒಂದೊಂದೂ ಸುಮಾರು ಒಂದು ನಿಮಿಷ ಇದ್ದು, ಹೀಗೇ ಒಂದು ಗಂಟೆ ನಡೆದರೆ ಹೊರಡಿ ಅನ್ನೋದು ಮೊದಲ ಹೆರಿಗೆಗೆ ಸಾಮಾನ್ಯವಾಗಿ ಹೇಳುವ ಲೆಕ್ಕ. ಮನೆ ದೂರ ಇದ್ದರೆ ಅಷ್ಟು ಕಾಯಬಾರದು.

"ನೀರು ಎಷ್ಟು ಕುಡಿದಿದ್ದೀಯಮ್ಮಾ?" ಅಂತ ಸಿಸ್ಟರ್ ಕೇಳಿದರು. ರಾತ್ರಿ ಪದೇ ಪದೇ ಬಾತ್‌ರೂಮಿಗೆ ಏಳಬೇಕಲ್ಲ ಅಂತ ಸುಮಾ ಸಂಜೆಯಿಂದ ಹೆಚ್ಚುಕಮ್ಮಿ ನೀರೇ ಮುಟ್ಟಿರಲಿಲ್ಲ! ನೀರು ಕಮ್ಮಿಯಾದರೂ ಗರ್ಭಕೋಶ ಹೀಗೆ ಬಿಗಿಯಬಹುದಂತೆ. ಎರಡು ಲೋಟ ನೀರು ಕುಡಿದು, ಕಾರಿಡಾರಿನಲ್ಲಿ ಎರಡು ಸುತ್ತು ಹಾಕೋದರೊಳಗೆ ಬಿಗಿತ ತಾನಾಗೇ ಕಮ್ಮಿಯಾಯಿತು. ಗಿರೀಶ ಮಾತ್ರ ಆಗಲೂ ಬೆವರುತ್ತಿದ್ದ.

ಬೆಳಿಗ್ಗೆ ನಮ್ಮ ಚಿಕ್ಕಮ್ಮ ಫೋನಿನಲ್ಲಿ, "ಒಂದು ಲೋಟ ಜೀರಿಗೆ ಕಷಾಯ ಕುಡಿಸಿದ್ದರೆ ಗೊತ್ತಾಗ್ತಿತ್ತಲ್ಲೇ, ಸುಮ್ನೆ ದುಡ್ಡು ಸುರಿದು ಬಂದ್ರಿ" ಅಂದರು. ಕಷಾಯ ಕುಡಿದರೆ ಹೊಟ್ಟೆಗೆ ನೀರಂತೂ ಹೋಗುತ್ತದೆ, ನೋವು ನಿಂತರೂ ನಿಲ್ಲಬಹುದು. ಆದರೆ ಕಷಾಯ ಕಾಯಿಸಿಕೊಂಡು ಕೂರಬಾರದ ಹೊತ್ತುಗಳಿವೆ. ಡಾಕ್ಟರ್ ಅದನ್ನು ಗಿರೀಶನಿಗೆ ಎರಡೆರಡು ಸಲ ಹೇಳಿದರು: ನೀರು ಒಡೆದರೆ, ರಕ್ತ ಕಂಡರೆ, ಮಗುವಿನ ಅಲ್ಲಾಟ ಕಮ್ಮಿಯಾದರೆ ಟೈಮ್ ಬರೆಯುತ್ತಾ ಕೂರಬೇಡಿ, ಹೊರಟುಬಿಡಿ. 37 ವಾರ ತುಂಬೋ ಮೊದಲೇ ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯುತ್ತಿದ್ದರೂ ಅಷ್ಟೇ. ಸುಮಾಗೆ ಇವ್ಯಾವುದೂ ಇರಲಿಲ್ಲ. ಆದರೆ ರಾತ್ರಿ ಹನ್ನೆರಡೂವರೆಗೆ, ಮೊದಲ ಬಸುರಿಯಲ್ಲಿ, ಮಗು ಅಲ್ಲಾಡಿದ್ದು ಕಮ್ಮಿಯೋ ಸರಿಯೋ ಅಂತ ನಮಗ್ಯಾರಿಗೂ ಖಚಿತವಾಗಿ ಹೇಳೋಕೆ ಆಗುತ್ತಿರಲಿಲ್ಲ. ಆ ಇಪ್ಪತ್ತು ನಿಮಿಷದ ಕಾಗದ ಹೇಳಿತು. ದುಡ್ಡು ಕೊಟ್ಟಿದ್ದು ಅದಕ್ಕೆ, ಚಿಕ್ಕಮ್ಮಾ.