‘ಹೌದು, ಮತ್ತು’ ಬೇಡ, ‘ಹೌದು, ಅದಕ್ಕೇ’ ಇರಲಿ

ನಾಲ್ಕು ವರ್ಷಗಳಿಂದ ವಾರಕ್ಕೆ ಎರಡು ಸಂಜೆ ಇಂಪ್ರೊವ್ ಅಭ್ಯಾಸಕ್ಕೆ ಹೋಗುತ್ತಿದ್ದೇನೆ. ಬರೆದಿಟ್ಟ ಸಂಭಾಷಣೆ ಇಲ್ಲದೆ ಇಬ್ಬರು ರಂಗಕ್ಕೆ ಬಂದು, ಆ ಹೊತ್ತಿಗೆ ತೋಚಿದ ಮಾತಿನಿಂದಲೇ ನಗೆಯ ದೃಶ್ಯವೊಂದನ್ನು ಕಟ್ಟುವ ಆಶುನಾಟಕ ಇದು. ಇಲ್ಲಿ ಮೊದಲ ದಿನವೇ ಕಲಿಸುವ ಪಾಠಕ್ಕೆ ‘ಎಸ್, ಆ್ಯಂಡ್’ ಎಂದು ಹೆಸರು. ಜೊತೆಗಾರ ಹೇಳಿದ್ದನ್ನು ಒಪ್ಪಿಕೊಳ್ಳಬೇಕು, ಅದಕ್ಕೆ ನಮ್ಮದೊಂದನ್ನು ಸೇರಿಸಬೇಕು. ನಮ್ಮ ತಂಡದಲ್ಲಿ ನಾವು ಅದನ್ನು ‘ಹೌದು, ಮತ್ತು’ ಎಂದು ಅನುವಾದಿಸಿಕೊಂಡೆವು. ಆ ಅನುವಾದವೇ ನಮ್ಮನ್ನು ಎರಡು ವರ್ಷ ದಾರಿ ತಪ್ಪಿಸಿತು ಎಂದು ಈಗ ನನಗೆ ಖಚಿತವಾಗಿದೆ.

ಯೋಚಿಸಿ ನೋಡಿ, ಎದುರಿಗಿದ್ದವರ ಮಾತನ್ನು ಹಿಡಿದು ಮುಂದುವರಿಸುವಾಗ ಕನ್ನಡದಲ್ಲಿ ಯಾರೂ ‘ಮತ್ತು’ ಎಂದು ಶುರು ಮಾಡುವುದಿಲ್ಲ. ಅದು ಪಟ್ಟಿ ಮಾಡುವ ಪದ. ಕುರ್ಚಿ ಮತ್ತು ಮೇಜು, ಸೂರ್ಯ ಮತ್ತು ಚಂದ್ರ. ಅದರ ಎರಡೂ ಕಡೆ ಏನನ್ನು ಇಟ್ಟರೂ ಪದ ತಕರಾರು ಮಾಡುವುದಿಲ್ಲ. ‘ಅದಕ್ಕೇ’ ಹಾಗಲ್ಲ. ಹಿಂದಿನ ಮಾತಿನ ಹೊಟ್ಟೆಯಿಂದ ಹುಟ್ಟದ ಯಾವ ವಾಕ್ಯವನ್ನೂ ಅದು ಹತ್ತಿರಕ್ಕೆ ಸೇರಿಸುವುದಿಲ್ಲ. ದೃಶ್ಯ ನಿಲ್ಲುವುದು, ಬೀಳುವುದು ಈ ಒಂದು ವ್ಯತ್ಯಾಸದ ಮೇಲೆ.

ಈಚೆಗೆ ನನ್ನ ಜೊತೆಗಾರ್ತಿ ಮತ್ತು ನಾನು ಆಡಿದ ಒಂದು ದೃಶ್ಯವನ್ನೇ ಬಿಡಿಸಿಡುತ್ತೇನೆ. ಆಕೆ ರಂಗದ ನಡುವೆ ಮಂಡಿಯೂರಿ ಕುಳಿತು ಪಿಸುದನಿಯಲ್ಲಿ ಹೇಳಿದಳು: “ಅಣ್ಣಾ, ಟಾರ್ಚನ್ನು ಸ್ವಲ್ಪ ಈ ಕಡೆ ಹಿಡಿ. ಬೀರು ಇಲ್ಲಿದೆ.”

ಈ ಒಂದು ಮಾತಿನಲ್ಲಿ ಎಷ್ಟೊಂದು ಸಿಕ್ಕಿತು! ನಾವಿಬ್ಬರು ಅಣ್ಣ ತಂಗಿ. ರಾತ್ರಿ. ಬೇರೆಯವರ ಮನೆ. ಕಳ್ಳತನಕ್ಕೆ ಬಂದಿದ್ದೇವೆ. ಇಂಥ ಪ್ರತಿಯೊಂದು ಮಾತಿಗೆ, ಪ್ರತಿಯೊಂದು ಚಲನೆಗೆ ಇಂಪ್ರೊವ್ ಆಡುವವರು ‘ಆಫರ್’ ಎನ್ನುತ್ತಾರೆ. ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಕೆಲಸ ಮಾಡಿದ ಕೀತ್ ಜಾನ್‌ಸ್ಟೋನ್ 1979ರ ತಮ್ಮ ಪುಸ್ತಕದಲ್ಲಿ ಇದನ್ನು ಬಹಳ ಸರಳವಾಗಿ ವಿವರಿಸಿದ್ದಾರೆ. ನಟ ಮಾಡುವುದೆಲ್ಲವೂ ಆಫರ್. ಅದನ್ನು ಸ್ವೀಕರಿಸಬಹುದು, ಇಲ್ಲವೇ ತಡೆಯಬಹುದು. ಕ್ರಿಯೆ ಬೆಳೆಯದಂತೆ ಮಾಡುವುದು ಏನೇ ಇದ್ದರೂ ಅದು ತಡೆ, ‘ಬ್ಲಾಕ್’.

ನಾನು ಹೇಳಿದೆ: “ಹಿಡಿದಿದ್ದೇನೆ. ಬೀಗ ಒಡೆಯುವ ಮುಂಚೆ ಆ ಬಾಗಿಲಿನ ಧೂಳು ಒರೆಸಿಬಿಡು ತಂಗಿ. ನೋಡಲಾಗುತ್ತಿಲ್ಲ.”

ಮೊದಲ ಪದದಲ್ಲಿಯೇ ಒಪ್ಪಿಗೆ ಆಯಿತು. ಟಾರ್ಚ್ ಇದೆ, ಬೀರು ಇದೆ, ಬೀಗ ಇದೆ, ನಾನು ಅಣ್ಣ. ಸೇರಿಸಿದ್ದು ಒಂದೇ ಒಂದು ವಿಚಿತ್ರ ಸಂಗತಿ: ಈ ಕಳ್ಳನಿಗೆ ಕೊಳಕನ್ನು ಕಂಡರೆ ಆಗುವುದಿಲ್ಲ. ಈಗ ಚೆಂಡು ಆಕೆಯ ಅಂಗಳದಲ್ಲಿದೆ. ಇಲ್ಲಿ ಆಕೆ ಹೇಗೆಲ್ಲ ಸೋಲಬಹುದಿತ್ತು ಎಂಬುದನ್ನು ನಿಧಾನವಾಗಿ ನೋಡಬೇಕು.

“ಧೂಳೆಲ್ಲಿದೆ? ಫಳಫಳ ಹೊಳೆಯುತ್ತಿದೆಯಲ್ಲ!” ಎಂದಿದ್ದರೆ ಅದು ನೇರ ತಡೆ. ಪ್ರೇಕ್ಷಕರು ಕಲ್ಪನೆಯಲ್ಲಿ ಕಂಡ ಧೂಳನ್ನು ಆಕೆ ಕಿತ್ತುಕೊಂಡಂತಾಗುತ್ತಿತ್ತು. ಈ ತಪ್ಪನ್ನು ಹೊಸಬರು ಒಂದೆರಡು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ, ಆದ್ದರಿಂದ ಅದರ ಬಗ್ಗೆ ನನಗೆ ಹೆಚ್ಚು ಚಿಂತೆಯಿಲ್ಲ. “ಸರಿ ಅಣ್ಣ, ಒರೆಸುತ್ತೇನೆ” ಎಂದು ಒರೆಸಿ ಸುಮ್ಮನಾಗಿದ್ದರೆ ಒಪ್ಪಿಗೆಯೇನೋ ಇದೆ, ಆದರೆ ದೃಶ್ಯದ ಪೂರ್ತಿ ಭಾರ ಮತ್ತೆ ನನ್ನ ಹೆಗಲಿಗೆ ಬರುತ್ತಿತ್ತು. ಸಭ್ಯವಾಗಿ ಕಾಣುವ ಸೋಮಾರಿತನ ಅದು.

ನಾವು ಎರಡು ವರ್ಷ ಮಾಡುತ್ತಿದ್ದ ತಪ್ಪು ಮೂರನೆಯದು. “ಹೌದು, ಒರೆಸುತ್ತೇನೆ. ಅಗೋ, ಕಿಟಕಿಯಲ್ಲಿ ಆನೆ!” ಆನೆಗೆ ಪ್ರೇಕ್ಷಕರು ನಗುತ್ತಾರೆ, ಖಂಡಿತ ನಗುತ್ತಾರೆ. ಆ ನಗುವೇ ಮೋಸ ಮಾಡುವುದು. ಆನೆಯ ನಂತರ ನಾನು ಅದಕ್ಕಿಂತ ದೊಡ್ಡದೊಂದನ್ನು ತರಬೇಕು, ಆಕೆ ಇನ್ನೂ ದೊಡ್ಡದನ್ನು. ಆರು ಮಾತು ಕಳೆಯುವಷ್ಟರಲ್ಲಿ ರಂಗದ ಮೇಲೆ ಆನೆ, ರಾಕೆಟ್, ಕಳೆದುಹೋದ ರಾಜಕುಮಾರ ಎಲ್ಲ ಇರುತ್ತಾರೆ, ಧೂಳನ್ನು ಕಂಡು ಸಂಕಟಪಟ್ಟ ಆ ಬಡಪಾಯಿ ಕಳ್ಳ ಮಾತ್ರ ಇರುವುದಿಲ್ಲ. ಪಾಠದ ಅಕ್ಷರಕ್ಕೆ ಹೋದರೆ ಇದರಲ್ಲಿ ತಪ್ಪೇ ಇಲ್ಲ. ಎಲ್ಲರೂ ಎಲ್ಲವನ್ನೂ ಒಪ್ಪಿದ್ದಾರೆ, ಎಲ್ಲರೂ ಸೇರಿಸಿದ್ದಾರೆ. ‘ಮತ್ತು’ ಮಾಡುವ ಹಾನಿ ಎಂದು ನಾನು ಹೇಳುವುದು ಇದನ್ನೇ.

ದೃಶ್ಯ ಹೀಗೆ ಜಾರುತ್ತಿದೆ ಎಂದು ಆಡುತ್ತಿರುವಾಗಲೇ ಗೊತ್ತಾಗುತ್ತದೆ. ನಗು ಚೂರುಚೂರಾಗಿ ಬರುತ್ತದೆ, ಒಂದರ ಮೇಲೊಂದು ಏರುವುದಿಲ್ಲ. ಇಬ್ಬರ ದನಿಯೂ ಕಾರಣವಿಲ್ಲದೆ ಜೋರಾಗುತ್ತದೆ. ಮುಂದಿನ ಮಾತನ್ನು ಹುಡುಕುತ್ತಾ ಕಣ್ಣು ಜೊತೆಗಾರರನ್ನು ಬಿಟ್ಟು ಮೇಲಕ್ಕೆ ಹೋಗುತ್ತದೆ. ಇದು ಯಾರ ಕಥೆ ಎಂದು ಆಗ ಯಾರಾದರೂ ಕೇಳಿದರೆ ಒಂದು ವಾಕ್ಯದಲ್ಲಿ ಹೇಳಲು ಇಬ್ಬರಿಗೂ ಬರುವುದಿಲ್ಲ.

ಆಕೆ ಈ ಯಾವುದನ್ನೂ ಮಾಡಲಿಲ್ಲ. ಟಾರ್ಚಿನ ಬೆಳಕು ಬಿದ್ದಿರಬಹುದಾದ ಜಾಗವನ್ನು ಒಮ್ಮೆ ನೋಡಿ, ನನ್ನ ಕಡೆ ತಿರುಗಿ ಹೇಳಿದಳು: “ಮತ್ತೆ ಶುರು ಮಾಡಿದೆಯಾ? ಹೋದ ಮನೆಯಲ್ಲಿ ನೀನು ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಬೆಳಗಾಗಿತ್ತು.”

ಗಮನಿಸಿ, ತಂಗಿ ಅಣ್ಣನ ಮಾತನ್ನು ಒಪ್ಪಲಿಲ್ಲ. ಗದರಿಸಿದಳು. ಆದರೆ ನಟಿ ನನ್ನ ಮಾತನ್ನು ಪೂರ್ತಿಯಾಗಿ ಒಪ್ಪಿದಳು. ಧೂಳು ನಿಜ, ಅಣ್ಣನ ಚಟ ನಿಜ, ಅಷ್ಟೇ ಅಲ್ಲ, ಅದು ಹಳೆಯ ಚಟ. ‘ಒಪ್ಪಿಕೊಳ್ಳಿ’ ಎಂದಾಗ ಅನೇಕರು ಪಾತ್ರಗಳೂ ಪರಸ್ಪರ ತಲೆಯಾಡಿಸುತ್ತಿರಬೇಕು ಎಂದು ತಿಳಿದುಕೊಳ್ಳುತ್ತಾರೆ. ಹಾಗಲ್ಲ. ಒಪ್ಪಿಗೆ ಇರಬೇಕಾದದ್ದು ಆ ಲೋಕದಲ್ಲಿ ಏನು ನಿಜ ಎಂಬ ಬಗ್ಗೆ, ಇಬ್ಬರು ನಟರ ನಡುವೆ. ಪಾತ್ರಗಳು ಬೇಕಾದಷ್ಟು ಜಗಳವಾಡಬಹುದು. ಇಬ್ಬರೂ ಸ್ವಚ್ಛತೆಯ ಹುಚ್ಚರಾಗಿದ್ದರೆ ಈ ದೃಶ್ಯದಲ್ಲಿ ಅರ್ಧದಷ್ಟೂ ನಗು ಇರುತ್ತಿರಲಿಲ್ಲ. ಒಬ್ಬರಿಗೆ ಕಳ್ಳತನವೇ ಮುಖ್ಯವಾಗಿರುವುದರಿಂದ ಇನ್ನೊಬ್ಬರ ಹುಚ್ಚು ಎದ್ದು ಕಾಣುತ್ತದೆ.

ಅಲ್ಲಿಂದ ಮುಂದೆ ನಾವು ಕೇಳಿಕೊಂಡದ್ದು ಒಂದೇ ಪ್ರಶ್ನೆ. ಇದು ನಿಜವಾದರೆ, ಇನ್ನೇನು ನಿಜವಾಗಿರಬೇಕು?

“ಅದಕ್ಕೇ ಈ ಸಲ ಕೈಗವಸು ತಂದಿದ್ದೇನೆ” ಎಂದೆ.

“ಅಬ್ಬಾ, ಬೆರಳಚ್ಚಿನ ಬಗ್ಗೆಯಾದರೂ ಯೋಚಿಸಿದೆಯಲ್ಲ.”

“ಬೆರಳಚ್ಚಿಗಲ್ಲ. ಸೋಪು ನನ್ನ ಚರ್ಮಕ್ಕೆ ಆಗುವುದಿಲ್ಲ.”

“ಅದಕ್ಕೇ ಚೀಲ ಇಷ್ಟು ಭಾರವೇ? ಒಳಗೆ ಕಬ್ಬಿಣದ ಸರಳು ಇದೆ ಎಂದುಕೊಂಡಿದ್ದೆ!”

“ಪೊರಕೆ.”

“ಮತ್ತೆ ಮುಂಬಾಗಿಲನ್ನು ಹೇಗೆ ಮುರಿದೆ?”

“ಮುರಿಯುವುದೇಕೆ? ಕಿರುಗುಟ್ಟುತ್ತಿತ್ತು, ತಿರುಗಣಿಗೆ ಎಣ್ಣೆ ಬಿಟ್ಟೆ. ತಾನಾಗಿ ತೆರೆದುಕೊಂಡಿತು.”

ಇಲ್ಲಿ ಹೊಸದಾಗಿ ಏನೂ ಹೊರಗಿನಿಂದ ಬಂದಿಲ್ಲ. ಕೈಗವಸು, ಚೀಲ, ಬಾಗಿಲು, ಎಲ್ಲವೂ ಕಳ್ಳತನದ ಲೋಕದಲ್ಲಿ ಇರಲೇಬೇಕಾದ ವಸ್ತುಗಳು. ಒಂದೊಂದನ್ನೂ ಆ ಒಂದೇ ಹುಚ್ಚಿನ ಮೂಲಕ ಹಾಯಿಸಿದೆವು, ಅಷ್ಟೇ. ಹುಡುಕಾಟವೇ ಇಲ್ಲದ ಕಾರಣ ಆಡುವಾಗ ಎದೆ ಹಗುರವಾಗಿರುತ್ತದೆ. ಇನ್ನೊಂದು ಸಣ್ಣ ಸಂಗತಿಯನ್ನು ನಾನು ಬಹಳ ಪ್ರೀತಿಯಿಂದ ನೆನೆಯುತ್ತೇನೆ: ಇಡೀ ದೃಶ್ಯದಲ್ಲಿ ಆಕೆ ಪಿಸುದನಿಯನ್ನು ಬಿಡಲಿಲ್ಲ. ಪ್ರೇಕ್ಷಕರು ಜೋರಾಗಿ ನಗುತ್ತಿದ್ದಾಗಲೂ ಬಿಡಲಿಲ್ಲ. ಆ ಪಿಸುದನಿಯಿಂದಾಗಿ ಸಿಕ್ಕಿಬೀಳುವ ಭಯ ಉಳಿಯಿತು, ಭಯ ಉಳಿದದ್ದರಿಂದ ಪೊರಕೆ ನಗೆಯಾಯಿತು. ನಾವು ಗಟ್ಟಿಯಾಗಿ ಮಾತಾಡತೊಡಗಿದ್ದರೆ ಅದು ಮನೆ ಗುಡಿಸುವ ಇಬ್ಬರ ಸಾಧಾರಣ ಮಾತುಕತೆಯಾಗುತ್ತಿತ್ತು.

ಇದನ್ನು ರೂಢಿಸಿಕೊಳ್ಳಲು ನಾವು ಮಾಡುವ ಅಭ್ಯಾಸವನ್ನೂ ಹೇಳುತ್ತೇನೆ. ಮೊದಲು ಮಾತಿಲ್ಲದೆ ಕನ್ನಡಿಯಾಟ. ಇಬ್ಬರು ಎದುರುಬದುರು ನಿಂತು, ಒಬ್ಬರ ಚಲನೆಯನ್ನು ಇನ್ನೊಬ್ಬರು ಕನ್ನಡಿಯಂತೆ ಹಿಂಬಾಲಿಸುತ್ತಾರೆ. ಕೆಲವು ನಿಮಿಷಗಳ ನಂತರ ಯಾರು ಮುಂದೆ, ಯಾರು ಹಿಂದೆ ಎಂಬುದೇ ತಿಳಿಯದಂತಾಗಬೇಕು. ಇಂಥ ಆಟಗಳನ್ನು ನಟರ ತರಬೇತಿಗೆ ತಂದವರು ವಯೊಲಾ ಸ್ಪೋಲಿನ್. ಅವರ ಮಗ ಪಾಲ್ ಸಿಲ್ಸ್, 1959ರಲ್ಲಿ ಶಿಕಾಗೊದಲ್ಲಿ ಶುರುವಾದ ‘ಸೆಕೆಂಡ್ ಸಿಟಿ’ ರಂಗತಂಡದ ಸ್ಥಾಪಕರಲ್ಲಿ ಒಬ್ಬರು. ಒಪ್ಪಿಗೆ ಬಾಯಿಗಿಂತ ಮೊದಲು ಕಣ್ಣಿನಲ್ಲಿ ಶುರುವಾಗುತ್ತದೆ ಎಂದು ನನಗೆ ಅರ್ಥವಾದದ್ದು ಈ ಆಟದಿಂದ.

ಆಮೇಲೆ ಮಾತು. ಜೊತೆಗಾರರ ಕೊನೆಯ ಎರಡು ಮೂರು ಪದಗಳನ್ನು ನಮ್ಮ ಬಾಯಿಯಿಂದ ಮತ್ತೆ ಹೇಳಿ, ‘ಅದಕ್ಕೇ’ ಎಂದು ಸೇರಿಸಿ, ಒಂದೇ ಒಂದು ವಾಕ್ಯ ಮುಗಿಸಬೇಕು. “ಪಾತ್ರೆ ತೊಳೆದೆ, ಅದಕ್ಕೇ ಕೈಗವಸು ತಂದಿದ್ದೇನೆ.” ಎರಡನೆಯ ವಾಕ್ಯಕ್ಕೆ ಅವಕಾಶವಿಲ್ಲ. ಕೇಳುವಾಗ ಬಾಲಿಶವೆನಿಸುತ್ತದೆ, ಆದರೆ ಪದ ಮರುಕಳಿಸಬೇಕಾದರೆ ಕೇಳಿಸಿಕೊಳ್ಳಲೇಬೇಕು, ಬೇರೆ ದಾರಿಯಿಲ್ಲ. ಜೊತೆಗಾರರು ಮಾತಾಡುತ್ತಿರುವಾಗ ತಮ್ಮ ಮುಂದಿನ ಹಾಸ್ಯವನ್ನು ಹೆಣೆಯುತ್ತ ನಿಂತವರು ಇಲ್ಲಿ ತಕ್ಷಣ ತಡವರಿಸುತ್ತಾರೆ. ಕೆಲವು ವಾರಗಳ ನಂತರ ಪದಗಳ ಮರುಕಳಿಕೆಯನ್ನೂ ‘ಅದಕ್ಕೇ’ಯನ್ನೂ ಬಾಯಿಯಿಂದ ತೆಗೆದುಹಾಕಿ ಮನಸ್ಸಿನಲ್ಲಿ ಮಾತ್ರ ಇಟ್ಟುಕೊಳ್ಳುತ್ತೇವೆ.

ಒಪ್ಪಿಗೆಯ ಪಾಠಕ್ಕೆ ಒಂದು ಗಡಿ ಇದೆ, ಅದನ್ನು ಗಟ್ಟಿಯಾಗಿ ಹೇಳಲೇಬೇಕು. ಒಪ್ಪಬೇಕಾದದ್ದು ಕಥೆಯ ಲೋಕವನ್ನು, ನಟರ ಮೈ ಮತ್ತು ಮರ್ಯಾದೆಗೆ ಅದು ಅನ್ವಯಿಸುವುದಿಲ್ಲ. ಹಿಂದೊಮ್ಮೆ ಬೇರೊಂದು ತಂಡದ ಅಭ್ಯಾಸದಲ್ಲಿ, ಹೇಳದೆ ಕೇಳದೆ ಮೈಮೇಲೆ ಕೈಹಾಕಿದವನೊಬ್ಬ, ನಟಿ ಹಿಂದೆ ಸರಿದಾಗ “ನೀವು ತಡೆಯುತ್ತಿದ್ದೀರಿ, ಒಪ್ಪಿಕೊಂಡು ಆಡಿ” ಎಂದದ್ದನ್ನು ಕಂಡಿದ್ದೇನೆ. ಅಂದು ಸುಮ್ಮನಿದ್ದವರಲ್ಲಿ ಯಾರೂ ಸರಿ ಮಾಡಲಿಲ್ಲ. ನಮ್ಮಲ್ಲಿ ಈಗ ಪ್ರತಿ ಅಭ್ಯಾಸದ ಆರಂಭದಲ್ಲಿ ಯಾವ ಸ್ಪರ್ಶ ಸರಿ, ಯಾವ ವಿಷಯ ಬೇಡ ಎಂದು ಮಾತಾಡಿಕೊಳ್ಳುತ್ತೇವೆ. ಯಾರಾದರೂ ಅಂಗೈ ಎತ್ತಿದರೆ ದೃಶ್ಯ ಅಲ್ಲಿಗೆ ನಿಲ್ಲುತ್ತದೆ, ಕಾರಣ ಕೇಳುವುದಿಲ್ಲ.

ಸೇರಿಸುವುದಕ್ಕೂ ಕೊನೆ ಇರಬೇಕು. ಒಂದೇ ಹುಚ್ಚನ್ನು ಏರಿಸುತ್ತ ಹೋದಂತೆ, ಅದಕ್ಕಿಂತ ಮೇಲೆ ಜಾಗವಿಲ್ಲದ ಒಂದು ಮಾತು ಬರುತ್ತದೆ. ಅದರ ನಂತರ ಏನು ಸೇರಿಸಿದರೂ ಇಳಿಜಾರು. ಆ ಮಾತನ್ನು ಗುರುತಿಸುವುದು ಹೊರಗೆ ನಿಂತು ನೋಡುವವರಿಗೆ ಸುಲಭ, ಆದ್ದರಿಂದ ನಮ್ಮಲ್ಲಿ ದೀಪ ಆರಿಸುವ ಕೆಲಸವನ್ನು ಯಾವಾಗಲೂ ತಂಡದ ಮೂರನೆಯವರಿಗೆ ಬಿಡುತ್ತೇವೆ. ಅಂದು ಆಕೆ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು, ಉಸಿರನ್ನೇ ಮಾತಾಗಿಸಿ ಹೇಳಿದಳು: “ಅಣ್ಣಾ, ಮಂಚದ ಮೇಲೆ ಯಾರೋ ಎದ್ದು ಕುಳಿತರು!”

ನಾನು ಪೊರಕೆ ಕೈಗೆತ್ತಿಕೊಂಡೆ. “ಒಳ್ಳೆಯದಾಯಿತು. ಕಾಲು ಮೇಲೆತ್ತಿಕೊಳ್ಳಲು ಹೇಳು, ಕೆಳಗೆ ಗುಡಿಸಬೇಕು.”

ದೀಪ ಆರಿತು.